ಕಳೆದುಹೋದ ಫೋನ್ ಸಿಕ್ಕಿದೆ ಎಂಬ ಮೆಸೇಜನ್ನು ನಂಬಬಹುದೇ?

ಪ್ರಶ್ನೆ: ಮೂರು ವಾರದ ಹಿಂದೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಮಗಳ ಐಫೋನ್ ಕಳೆದುಹೋಯಿತು. ಪೊಲೀಸರಿಗೆ ದೂರು ಕೊಟ್ಟು, ಅದೇ ನಂಬರಿಗೆ ಹೊಸ ಸಿಮ್ ಪಡೆದೆವು. ನಿನ್ನೆ ಆ ನಂಬರಿಗೆ, 'ನಿಮ್ಮ ನೀಲಿ ಐಫೋನ್ 13 ಪತ್ತೆಯಾಗಿದೆ, ಇರುವ ಜಾಗ ನೋಡಲು ಸೈನ್ ಇನ್ ಮಾಡಿ' ಎಂಬ ಮೆಸೇಜ್ ಬಂದಿದೆ. ಕೆಳಗೊಂದು ಲಿಂಕ್ ಇದೆ. ಮಾಡೆಲ್, ಬಣ್ಣ ಎರಡೂ ಸರಿಯಾಗಿವೆ. ನಂಬಬಹುದೇ?
— ಓದುಗರೊಬ್ಬರು, ತುಮಕೂರು

ಉತ್ತರ: ನಂಬಬೇಡಿ, ಆ ಲಿಂಕನ್ನು ಒತ್ತಬೇಡಿ. ಫೋನ್ ಯಾರ ಕೈಯಲ್ಲಿದೆಯೋ ಅವರೇ ಈ ಮೆಸೇಜ್ ಕಳಿಸಿರುವ, ಇಲ್ಲವೇ ಬೇರೆಯವರಿಂದ ಕಳಿಸಿರುವ ಸಾಧ್ಯತೆಯೇ ಹೆಚ್ಚು.

ಅವರಿಗೆ ನಿಮ್ಮ ಪಾಸ್‌ವರ್ಡ್ ಏಕೆ ಬೇಕು? 2013ರಲ್ಲಿ ಬಂದ ಐಓಎಸ್ 7ರಿಂದ ಐಫೋನ್‌ಗಳಲ್ಲಿ ಆ್ಯಕ್ಟಿವೇಶನ್ ಲಾಕ್ ಎಂಬ ವ್ಯವಸ್ಥೆ ಇದೆ. 'ಫೈಂಡ್ ಮೈ' ಆನ್ ಆಗಿದ್ದ ಫೋನನ್ನು ಕದ್ದವರು ಪೂರ್ತಿ ಅಳಿಸಿ ಮತ್ತೆ ಶುರು ಮಾಡಲು ಹೋದರೂ, ಅದು ಹಳೆಯ ಮಾಲೀಕರ ಆಪಲ್ ಅಕೌಂಟಿನ ಪಾಸ್‌ವರ್ಡ್ ಕೇಳುತ್ತದೆ. ಅದಿಲ್ಲದೆ ಹೋದರೆ ಫೋನನ್ನು ಬಿಡಿಭಾಗಗಳ ಬೆಲೆಗೆ ಮಾರಬೇಕು. ಲಾಕ್ ತೆಗೆದರೆ ಇಡೀ ಫೋನಿನ ಬೆಲೆ ಸಿಗುತ್ತದೆ. ನಿಮಗೆ ಮೆಸೇಜ್ ಬಂದಿದೆ ಎಂದರೆ ಲಾಕ್ ಇನ್ನೂ ಗಟ್ಟಿಯಾಗಿದೆ ಎಂದೇ ಅರ್ಥ.

ಮಾಡೆಲ್ ಮತ್ತು ಬಣ್ಣ ಸರಿಯಾಗಿರುವುದರಲ್ಲಿ ಅಚ್ಚರಿಯೇನಿಲ್ಲ, ಫೋನ್ ಅವರ ಕೈಯಲ್ಲೇ ಇದೆ. ನಂಬರೂ ಸುಲಭವಾಗಿ ಸಿಗುತ್ತದೆ. 'ಲಾಸ್ಟ್ ಮೋಡ್' ಹಾಕುವಾಗ ನೀವು ಕೊಟ್ಟ ನಂಬರ್ ಫೋನಿನ ಪರದೆಯ ಮೇಲೆಯೇ ಕಾಣುತ್ತದೆ. ಇಲ್ಲವಾದರೆ ಹಳೆಯ ಸಿಮ್ ಬ್ಲಾಕ್ ಆಗುವ ಮೊದಲೇ ಅದನ್ನು ಬೇರೆ ಫೋನಿಗೆ ಹಾಕಿ ನಂಬರ್ ತಿಳಿದುಕೊಂಡಿರಬಹುದು.

ಇನ್ನು ಲಿಂಕನ್ನು ಓದುವ ಕ್ರಮ. ಇಂಥ ಮೆಸೇಜಿನಲ್ಲಿ ವಿಳಾಸ ಸಾಮಾನ್ಯವಾಗಿ ಹೀಗಿರುತ್ತದೆ:

```
https://icloud.com.findmy-map.example/in
```

ಮೊದಲು ಕಣ್ಣಿಗೆ ಬೀಳುವುದು icloud.com. ಆದರೆ https:// ಆದ ಮೇಲೆ ಬರುವ ಮೊದಲ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಎಡಕ್ಕೆ ಓದಿ. ಅದಕ್ಕೆ ತಾಗಿಕೊಂಡಿರುವ findmy-map.example ಎಂಬುದೇ ಈ ತಾಣದ ನಿಜವಾದ ಹೆಸರು. ಅದರ ಎಡಕ್ಕೆ ಏನು ಬೇಕಾದರೂ ಸೇರಿಸಿಕೊಳ್ಳಲು ತಾಣದ ಒಡೆಯನಿಗೆ ಅವಕಾಶವಿದೆ. ವಿಳಾಸದ ಪಕ್ಕದ ಬೀಗದ ಚಿಹ್ನೆ ನೋಡಿಯೂ ನಂಬಬೇಡಿ, ನಕಲಿ ತಾಣಕ್ಕೂ ಅದು ಸಿಗುತ್ತದೆ.

ಲಿಂಕ್ ತೆರೆದರೆ ಆಪಲ್ ಪುಟದಂತೆಯೇ ಕಾಣುವ ಪುಟ ಬರುತ್ತದೆ. ಅಲ್ಲಿ ಹಾಕಿದ ಪಾಸ್‌ವರ್ಡನ್ನು ಅವರು ಆಗಿಂದಾಗಲೇ ಅಸಲಿ ತಾಣದಲ್ಲಿ ಹಾಕುತ್ತಾರೆ. ನಿಮಗೆ ಆರು ಅಂಕಿಯ ಕೋಡ್ ಬಂದರೆ ನಕಲಿ ಪುಟ ಅದನ್ನೂ ಕೇಳುತ್ತದೆ. ಆದ್ದರಿಂದ ಕೋಡ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳುವಂತಿಲ್ಲ. ಕೆಲವು ಪುಟಗಳು ಫೋನಿನ ಪಾಸ್‌ಕೋಡನ್ನೂ ಕೇಳುತ್ತವೆ. ಅದನ್ನು ಕೊಟ್ಟರೆ ಫೋನಿನೊಳಗೆ ಇರುವುದೆಲ್ಲ ಅವರ ಪಾಲಾಗುತ್ತದೆ.

ಫೋನ್ ನಿಜವಾಗಿ ಪತ್ತೆಯಾಗಿದೆಯೇ ಎಂದು ನೋಡಲು icloud.com/find ಎಂದು ನೀವೇ ಟೈಪ್ ಮಾಡಿ, ಇಲ್ಲವೇ ಮನೆಯವರ ಐಫೋನಿನ 'ಫೈಂಡ್ ಮೈ' ಆ್ಯಪ್‌ನಲ್ಲಿ ನೋಡಿ. ಫೋನ್ ಪತ್ತೆಯಾದಾಗ ಆಪಲ್‌ನಿಂದ ಇಮೇಲ್ ಬರುವುದುಂಟು. ಆಗಲೂ ಇಮೇಲಿನ ಲಿಂಕ್ ಬಿಟ್ಟು ಇದೇ ದಾರಿಯಲ್ಲಿ ನೋಡಿ. ಫೋನ್ ಸಿಕ್ಕ ಪ್ರಾಮಾಣಿಕರಿಗಾಗಲಿ ಪೊಲೀಸರಿಗಾಗಲಿ, ಅದನ್ನು ಮರಳಿಸಲು ನಿಮ್ಮ ಪಾಸ್‌ವರ್ಡ್ ಬೇಕಿಲ್ಲ.

ಒಂದು ವಿಷಯದಲ್ಲಿ ತುಂಬ ಎಚ್ಚರ ಬೇಕು. 'ಫೈಂಡ್ ಮೈ' ಪಟ್ಟಿಯಲ್ಲಿ Remove This Device ಎಂಬ ಆಯ್ಕೆ ಇದೆ, ಅದನ್ನು ಒತ್ತಬೇಡಿ. ದೂರದಿಂದಲೇ ಫೋನಿನ ಮಾಹಿತಿ ಅಳಿಸಿದರೆ ಲಾಕ್ ಹಾಗೆಯೇ ಉಳಿಯುತ್ತದೆ. ಫೋನನ್ನು ಅಕೌಂಟಿನಿಂದ ತೆಗೆದರೆ ಲಾಕ್ ಹೋಗುತ್ತದೆ. ಕರೆ ಮಾಡಿ 'ನಿಮ್ಮ ಡೇಟಾ ಮಾರಿಬಿಡುತ್ತಾರೆ, ಬೇಗ ತೆಗೆಯಿರಿ' ಎಂದು ಹೆದರಿಸುವವರು ಮಾಡಿಸುವುದು ಇದನ್ನೇ.

ಮಗಳು ಆಗಲೇ ಪಾಸ್‌ವರ್ಡ್ ಹಾಕಿಬಿಟ್ಟಿದ್ದರೆ account.apple.com ತೆರೆದು ಕೂಡಲೇ ಪಾಸ್‌ವರ್ಡ್ ಬದಲಿಸಲಿ. ಅಕೌಂಟಿಗೆ ಗೊತ್ತಿಲ್ಲದ ಫೋನ್ ಅಥವಾ ನಂಬರ್ ಸೇರಿದೆಯೇ ಎಂದೂ ನೋಡಲಿ. ಅದೇ ಪಾಸ್‌ವರ್ಡ್ ಬೇರೆಡೆ ಇದ್ದರೆ ಅಲ್ಲಿಯೂ ಬದಲಿಸಬೇಕು. ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಉಳಿದ ಒಂದು ಕೆಲಸ: ಪೊಲೀಸ್ ದೂರಿನ ಪ್ರತಿ, ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ ಇಟ್ಟುಕೊಂಡು ಕೇಂದ್ರ ಸರ್ಕಾರದ ceir.gov.in ತಾಣದಲ್ಲಿ ಬ್ಲಾಕ್ ಮಾಡಲು ಕೋರಿಕೆ ಸಲ್ಲಿಸಿ. ಸಂಖ್ಯೆ ಡಬ್ಬಿಯ ಮೇಲಿರುತ್ತದೆ. ಬ್ಲಾಕ್ ಆದ ಫೋನ್ ಭಾರತದ ಮೊಬೈಲ್ ಜಾಲಗಳಲ್ಲಿ ನಡೆಯುವುದಿಲ್ಲ. ಬಂದಿರುವ ಮೆಸೇಜನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದು, ದೂರು ಕೊಟ್ಟ ಠಾಣೆಗೆ ತೋರಿಸಿ.