ಒಬ್ಬ ಮಾಲೀಕ, ಎರಡು ಕೆಲಸ, ಎರಡು ದರ: ಓಟಿ ಲೆಕ್ಕ ಹಾಕುವುದು ಹೇಗೆ?

ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತಲಿನ ಹೋಟೆಲು, ಬೇಕರಿಗಳಲ್ಲಿ ಒಬ್ಬನೇ ಹುಡುಗ ಬೆಳಿಗ್ಗೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿ, ಸಂಜೆ ಗಲ್ಲಾದಲ್ಲಿ ಕೂತು ಬಿಲ್ ಹಾಕುವುದು ಸಾಮಾನ್ಯ. ಇಂದಿರಾನಗರದ ರೆಸ್ಟೋರೆಂಟುಗಳಲ್ಲಿ ಸಪ್ಲೈ ಮಾಡುವವರೇ ರಶ್ಶು ಕಡಿಮೆಯಾದ ಮೇಲೆ ಸ್ಟೋರ್ ನೋಡಿಕೊಳ್ಳುತ್ತಾರೆ. ಕೆ.ಆರ್. ಪುರದ ಅಪಾರ್ಟ್‌ಮೆಂಟುಗಳಲ್ಲಿ ಗೇಟ್ ಕಾಯುವವರಿಗೆ ನೀರಿನ ಪಂಪಿನ ಕೆಲಸವೂ ಸೇರಿರುತ್ತದೆ. ಎರಡು ಕೆಲಸಕ್ಕೂ ಗಂಟೆಯ ದರ ಬೇರೆ ಬೇರೆ. ಹೀಗಿರುವಾಗ ವಾರದ ಕೊನೆಗೆ ಓಟಿ ಬಿದ್ದರೆ ಅದನ್ನು ಯಾವ ದರದಲ್ಲಿ ಕೊಡಬೇಕು? ಬಹುತೇಕ ಕಡೆ ಕಡಿಮೆ ದರಕ್ಕೆ ಲೆಕ್ಕ ಹಾಕಿ ಮುಗಿಸುತ್ತಾರೆ. ಅದು ತಪ್ಪು. ಸರಿಯಾದ ಲೆಕ್ಕ ಕಷ್ಟವೇನಲ್ಲ. ಹಾಜರಿ ಪುಸ್ತಕ, ಕ್ಯಾಲ್ಕುಲೇಟರ್ ಮತ್ತು ಹತ್ತು ನಿಮಿಷ ಇದ್ದರೆ ಸಾಕು.

ಮೊದಲು ಕಾನೂನು

ಇಲ್ಲಿ ಎರಡು ಕಾನೂನುಗಳನ್ನು ಜೊತೆಗಿಟ್ಟು ಓದಬೇಕು. ಹೋಟೆಲು, ಅಂಗಡಿಗಳಿಗೆ ಅನ್ವಯವಾಗುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದರೆ, ದಾಟಿದಷ್ಟು ಹೊತ್ತಿಗೆ ಸಾಮಾನ್ಯ ವೇತನದ ಎರಡು ಪಟ್ಟು ಕೊಡಬೇಕು. ಎರಡನೆಯದು 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆ. ಒಬ್ಬನೇ ನೌಕರ ಬೇರೆ ಬೇರೆ ಕನಿಷ್ಠ ವೇತನವಿರುವ ಎರಡು ಬಗೆಯ ಕೆಲಸ ಮಾಡಿದರೆ, ಆಯಾ ಕೆಲಸದಲ್ಲಿ ಕಳೆದ ಹೊತ್ತಿಗೆ ಆಯಾ ಕೆಲಸದ ಕನಿಷ್ಠ ದರವನ್ನಾದರೂ ಕೊಡಲೇಬೇಕು ಎನ್ನುತ್ತದೆ ಅದರ 11ನೇ ಸೆಕ್ಷನ್. ಹಳೆಯ 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ 16ನೇ ಸೆಕ್ಷನ್ನಾಗಿ ಇದೇ ಮಾತು ಇತ್ತು.

ಆದರೆ ಎರಡು ದರ ಇರುವವನ ‘ಸಾಮಾನ್ಯ ವೇತನ’ ಯಾವುದು ಎಂಬುದನ್ನು ಈ ಎರಡರಲ್ಲಿ ಯಾವುದೂ ಸೂತ್ರ ಹಾಕಿ ಹೇಳಿಲ್ಲ. ಅಮೆರಿಕದಲ್ಲಿ 1938ರ ಕಾರ್ಮಿಕ ಕಾನೂನಿನ ಕೆಳಗೆ ಈ ಸೂತ್ರ ಸ್ಪಷ್ಟವಾಗಿದೆ. ವಾರದ ಒಟ್ಟು ಗಳಿಕೆಯನ್ನು ವಾರದ ಒಟ್ಟು ಗಂಟೆಗಳಿಂದ ಭಾಗಿಸಿ ಬರುವ ಸರಾಸರಿ ದರವೇ ಅಲ್ಲಿ ಓಟಿಗೆ ಆಧಾರ. ಇದನ್ನು ಮಿಶ್ರ ದರ ಎನ್ನೋಣ. ಯಾವ ಗಂಟೆ ಯಾವ ಕೆಲಸದ್ದು ಎಂದು ಬಿಡಿಸಿ ಹೇಳಲಾಗದ ಕಡೆ ನಮ್ಮ ಅಂಗಡಿಗಳಿಗೂ ಇದೇ ನ್ಯಾಯವಾದ ದಾರಿ. ಬಿಡಿಸಿ ಹೇಳಲು ಆಗುವ ಕಡೆ ಇನ್ನೊಂದು ದಾರಿ ಇದೆ. ಎರಡಕ್ಕೂ ಒಂದೇ ಉದಾಹರಣೆ ಹಿಡಿಯೋಣ.

ಒಂದು ವಾರದ ಲೆಕ್ಕ

ಹಲಸೂರಿನ ಒಂದು ಹೋಟೆಲಿನ ನೌಕರ ಎಂದಿಟ್ಟುಕೊಳ್ಳಿ. ಅಡುಗೆಮನೆ ಸಹಾಯಕನಾಗಿ ಅವನಿಗೆ ತಿಂಗಳಿಗೆ 16,640 ರೂಪಾಯಿಯ ಲೆಕ್ಕ. ಗಲ್ಲಾದಲ್ಲಿ ಕೂತ ಹೊತ್ತಿಗೆ ಗಂಟೆಗೆ 110 ರೂಪಾಯಿ. ಭಾನುವಾರ ರಜೆ. ಇವು ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ಸರ್ಕಾರದ ಕನಿಷ್ಠ ದರಗಳಲ್ಲ.

ಮೊದಲ ಹೆಜ್ಜೆಗೆ ತಿಂಗಳ ಸಂಬಳವನ್ನು ಗಂಟೆಗೆ ಇಳಿಸಿ. ವಾರದ ರಜೆ ಕಳೆದು ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಎಂಬುದು ರೂಢಿಯ ಭಾಜಕ. 16,640ನ್ನು 26ರಿಂದ ಭಾಗಿಸಿದರೆ ದಿನಕ್ಕೆ 640, ಅದನ್ನು 8ರಿಂದ ಭಾಗಿಸಿದರೆ ಗಂಟೆಗೆ 80 ರೂಪಾಯಿ. ಇಲ್ಲಿ ಕೆಲವರು 30ರಿಂದ ಭಾಗಿಸುತ್ತಾರೆ. ಆಗ ಗಂಟೆಯ ದರ 69 ರೂಪಾಯಿ ಚಿಲ್ಲರೆಗೆ ಇಳಿದು, ಮುಂದಿನ ಲೆಕ್ಕವೆಲ್ಲ ಕುಗ್ಗುತ್ತದೆ. ಮೂಲ ವೇತನವನ್ನು ಮಾತ್ರ ಹಿಡಿದು ತುಟ್ಟಿಭತ್ಯೆ ಬಿಟ್ಟರೂ ಇದೇ ಗತಿ. ಭತ್ಯೆ ಸೇರಿಸಿಯೇ ಭಾಗಿಸಬೇಕು.

ಎರಡನೆಯದಾಗಿ ಗಂಟೆಗಳನ್ನು ಕೆಲಸವಾರು ಬರೆಯಿರಿ. ನಮ್ಮ ನೌಕರ ಸೋಮವಾರದಿಂದ ಶುಕ್ರವಾರದವರೆಗೆ ದಿನವೂ 6 ಗಂಟೆ ಅಡುಗೆಮನೆ, ಆಮೇಲೆ 3 ಗಂಟೆ ಗಲ್ಲಾ. ಶನಿವಾರ 5 ಗಂಟೆ ಅಡುಗೆಮನೆ, ಆಮೇಲೆ 5 ಗಂಟೆ ಗಲ್ಲಾ. ಒಟ್ಟು ಅಡುಗೆಮನೆ 35, ಗಲ್ಲಾ 20. ಕೂಡಿ 55 ಗಂಟೆ. ಊಟದ ಬಿಡುವನ್ನು ಇದಕ್ಕೆ ಸೇರಿಸಬಾರದು. ಆದರೆ ತಟ್ಟೆ ಮುಂದಿಟ್ಟುಕೊಂಡೇ ಬಿಲ್ ಹಾಕುತ್ತಿದ್ದರೆ ಅದು ಬಿಡುವಲ್ಲ, ಕೆಲಸ.

ಮೂರನೆಯದು ಓಟಿ ಎಷ್ಟು ಎಂಬುದು. ವಾರದ ಮಿತಿ 48, ಮಾಡಿದ್ದು 55, ಹಾಗಾಗಿ 7 ಗಂಟೆ ಹೆಚ್ಚು. ಶನಿವಾರ 10 ಗಂಟೆ ಮಾಡಿದ್ದರಿಂದ ದಿನದ ಮಿತಿಯೂ ಒಂದು ಗಂಟೆ ದಾಟಿದೆ. ಆ ಒಂದು ಗಂಟೆ 7ರ ಒಳಗೇ ಸೇರಿದೆ. ಮತ್ತೆ ಕೂಡಿಸಿ 8 ಮಾಡಬಾರದು. ಇನ್ನೊಂದು ವಾರ ಅವನು ಒಂದು ದಿನ ರಜೆ ಹಾಕಿ, ನಾಲ್ಕು ದಿನ 8 ಗಂಟೆ, ಒಂದು ದಿನ 10 ಗಂಟೆ ಮಾಡಿದ ಎನ್ನಿ. ಒಟ್ಟು 42 ಗಂಟೆ, 48 ದಾಟಲಿಲ್ಲ. ಆದರೂ ಆ ಹತ್ತು ಗಂಟೆಯ ದಿನಕ್ಕೆ ಒಂದು ಗಂಟೆ ಓಟಿ ಸಿಗಲೇಬೇಕು. ಮಾಲೀಕರು ತಪ್ಪಿಸುವುದು ಹೆಚ್ಚಾಗಿ ಇದನ್ನೇ.

ನಾಲ್ಕನೆಯದು ಮಿಶ್ರ ದರ:

```
35 × 80  = 2,800
20 × 110 = 2,200
ಒಟ್ಟು    = 5,000
5,000 ÷ 55 = 90.91
```

ಎಲ್ಲ 55 ಗಂಟೆಗೂ ಒಂದು ಪಟ್ಟು ಈ 5,000ದಲ್ಲೇ ಬಂದಾಯಿತು. ದುಪ್ಪಟ್ಟು ಆಗಬೇಕಾದರೆ 7 ಗಂಟೆಗೆ ಇನ್ನೊಂದು ಪಟ್ಟು ಸೇರಬೇಕು. 7ನ್ನು 90.91ರಿಂದ ಗುಣಿಸಿದರೆ, ಪೈಸೆಯನ್ನು ಕೊನೆಯಲ್ಲಿ ಮಾತ್ರ ಸುತ್ತಿದಾಗ, 636.36 ರೂಪಾಯಿ. ಆ ವಾರದ ಪಗಾರ 5,636.36.

ಇಲ್ಲಿ ಮೂರು ಕಡೆ ಎಡವುತ್ತಾರೆ. 80 ಮತ್ತು 110 ಕೂಡಿಸಿ ಎರಡರಿಂದ ಭಾಗಿಸಿ 95 ಎನ್ನುವುದು ಒಂದು. ಎರಡೂ ಕೆಲಸದ ಗಂಟೆ ಸಮನಾಗಿದ್ದರೆ ಮಾತ್ರ ಅದು ಸರಿ. 5,000ವನ್ನು 48ರಿಂದ ಭಾಗಿಸುವುದು ಇನ್ನೊಂದು. ಗಳಿಕೆ 55 ಗಂಟೆಯದಾದರೆ ಭಾಜಕವೂ 55 ಆಗಬೇಕು. ಮೂರನೆಯದು ಅಮೆರಿಕದ ಲೆಕ್ಕದ ಎಕ್ಸೆಲ್ ಹಾಳೆಯನ್ನು ಹಾಗೆಯೇ ತಂದು ಇಲ್ಲಿ ಬಳಸುವುದು. ಅಲ್ಲಿ ವಾರದ ಮಿತಿ 40 ಗಂಟೆ, ಓಟಿ ಒಂದೂವರೆ ಪಟ್ಟು. ಹಾಗಾಗಿ ಆ ಹಾಳೆ ಮಿಶ್ರ ದರದ ಅರ್ಧವನ್ನು ಮಾತ್ರ ಮೇಲೆ ಸೇರಿಸುತ್ತದೆ. ನಮ್ಮಲ್ಲಿ ದುಪ್ಪಟ್ಟು ಇರುವುದರಿಂದ ಪೂರ್ತಿ ಮಿಶ್ರ ದರ ಸೇರಬೇಕು. ಹೊರದೇಶದ ಕಂಪನಿಗಳಿಗೆ ಪೇರೋಲ್ ಮಾಡಿ ಅಭ್ಯಾಸವಾದವರು ಸ್ನೇಹಿತರ ಹೋಟೆಲಿಗೆ ಲೆಕ್ಕ ಬರೆದುಕೊಡುವಾಗ 0.5 ಎಂಬ ಅಂಕಿ ಹಾಳೆಯಲ್ಲಿ ಉಳಿದಿದೆಯೇ ಎಂದು ನೋಡಲಿ.

ಮಿಶ್ರ ದರ ಒಮ್ಮೆ ಹಾಕಿ ವರ್ಷವಿಡೀ ಬಳಸುವಂಥದ್ದೂ ಅಲ್ಲ. ಮುಂದಿನ ವಾರ ಗಲ್ಲಾದ ಗಂಟೆ 20ರಿಂದ 10ಕ್ಕೆ ಇಳಿದರೆ ದರವೂ ಬದಲಾಗುತ್ತದೆ.

ಓಟಿ ಗಂಟೆ ಯಾವ ಕೆಲಸದ್ದು ಎಂದು ಗೊತ್ತಿದ್ದರೆ

ಅದೇ ವಾರವನ್ನು ಇನ್ನೊಮ್ಮೆ ನೋಡಿ. ಶುಕ್ರವಾರ ರಾತ್ರಿಗೆ 45 ಗಂಟೆ ಆಗಿತ್ತು. ಶನಿವಾರದ ಮೊದಲ 3 ಗಂಟೆಗೆ 48 ತುಂಬಿತು. ಆಮೇಲಿನ 7 ಗಂಟೆಯಲ್ಲಿ 2 ಅಡುಗೆಮನೆಯದು, 5 ಗಲ್ಲಾದ್ದು. ಆಯಾ ಕೆಲಸದ ದರವನ್ನೇ ಹಿಡಿದರೆ ಮೇಲೆ ಸೇರುವುದು 160 ಮತ್ತು 550, ಒಟ್ಟು 710 ರೂಪಾಯಿ. ಪಗಾರ 5,710. ಮಿಶ್ರ ದರಕ್ಕಿಂತ 73.64 ರೂಪಾಯಿ ಹೆಚ್ಚು.

ಕೆಲಸದ ಸರದಿ ತಿರುಗಿಸಿ, ಶನಿವಾರ ಮೊದಲು ಗಲ್ಲಾ, ಆಮೇಲೆ ಅಡುಗೆಮನೆ ಎಂದಾದರೆ ಓಟಿಯಲ್ಲಿ ಬೀಳುವುದು 2 ಗಂಟೆ ಗಲ್ಲಾ, 5 ಗಂಟೆ ಅಡುಗೆಮನೆ. ಆಗ ಸೇರುವುದು 620 ಮಾತ್ರ, ಅಂದರೆ ಮಿಶ್ರ ದರಕ್ಕಿಂತ ಕಡಿಮೆ. ಗಂಟೆಗಳು ಅವೇ, ದರಗಳು ಅವೇ. ಯಾವ ಕೆಲಸ ದಿನದ ಕೊನೆಗೆ ಬಂತು ಎಂಬುದರ ಮೇಲೆ ಹಣ ಬದಲಾಯಿತು. ಹೀಗಾಗಿಯೇ ಯಾವ ರೀತಿಯ ಲೆಕ್ಕ ಎಂಬುದನ್ನು ಕೆಲಸಕ್ಕೆ ಸೇರುವಾಗಲೇ ಬರೆದಿಟ್ಟುಕೊಳ್ಳಬೇಕು. ವಾರ ಮುಗಿದ ಮೇಲೆ ಯಾವುದು ಅಗ್ಗವೋ ಅದನ್ನು ಆರಿಸುವ ಅವಕಾಶ ಮಾಲೀಕರಿಗೆ ಇರಬಾರದು. ಅಮೆರಿಕದಲ್ಲೂ ಮಿಶ್ರ ದರ ಬಿಟ್ಟು ಆಯಾ ಕೆಲಸದ ದರ ಹಿಡಿಯಬೇಕಾದರೆ, ಕೆಲಸಕ್ಕೆ ಮುಂಚೆಯೇ ನೌಕರನೊಡನೆ ಒಪ್ಪಂದವಾಗಿರಬೇಕು.

ನನ್ನ ಅಭಿಪ್ರಾಯ ಹೀಗೆ: ಹಾಜರಿಯಲ್ಲಿ ಕೆಲಸವಾರು ಸಮಯ ಇದ್ದರೆ ಆಯಾ ಗಂಟೆಯ ದರವೇ ನಮ್ಮ 11ನೇ ಸೆಕ್ಷನ್ನಿನ ಆಶಯಕ್ಕೆ ಹತ್ತಿರ. ಒಳಗೂ ಹೊರಗೂ ಓಡಾಡುತ್ತ ಎರಡು ಕೆಲಸ ಕಲಸಿಹೋಗುವ ಕಡೆ ಮಿಶ್ರ ದರ ಇರಲಿ.

ಮಿಶ್ರ ದರವನ್ನು ಕೈಬಿಡಲೇಬೇಕಾದ ಸಂದರ್ಭವೂ ಒಂದಿದೆ. ಗಲ್ಲಾ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ದರವೇ ಗಂಟೆಗೆ 100 ಎಂದು ಭಾವಿಸಿ. ಗಲ್ಲಾದಲ್ಲಿ ಮಾಡಿದ ಓಟಿ ಗಂಟೆಗೆ ಕನಿಷ್ಠ 200 ರೂಪಾಯಿ ಬರಬೇಕು. ಮಿಶ್ರ ದರದ ದುಪ್ಪಟ್ಟು 181.82 ಮಾತ್ರ. ಸರಾಸರಿ ಎಂಬ ಹೆಸರಿನಲ್ಲಿ ಕನಿಷ್ಠಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಆದ್ದರಿಂದ ಲೆಕ್ಕ ಮುಗಿದ ಮೇಲೆ ಈ ಒಂದು ತಾಳೆಯನ್ನು ಪ್ರತಿ ಸಲವೂ ನೋಡಿ.

ಎಲ್ಲಿ ಈ ಲೆಕ್ಕ ನಡೆಯುವುದಿಲ್ಲ

ಬೆಳಿಗ್ಗೆ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿ, ರಾತ್ರಿ ಬೇರೊಬ್ಬರ ಹೋಟೆಲು ಎಂದಾದರೆ ಇಬ್ಬರ ಗಂಟೆಗಳನ್ನು ಕೂಡಿಸಿ ಓಟಿ ಕೇಳಲು ಬರುವುದಿಲ್ಲ. ಅವರವರ 9 ಮತ್ತು 48 ಅವರವರಿಗೆ. ಒಬ್ಬರೇ ಮಾಲೀಕರ ಎರಡು ಶಾಖೆಗಳಾದರೆ ಮಾತು ಬೇರೆ. ಸಂಬಳ ಒಂದೇ ಕೈಯಿಂದ ಬರುತ್ತದೆ, ಇವತ್ತು ಎಲ್ಲಿಗೆ ಹೋಗಬೇಕೆಂದು ಹೇಳುವವರೂ ಒಬ್ಬರೇ ಎಂಬುದಕ್ಕೆ ಯುಪಿಐ ಸಂದೇಶ, ವಾಟ್ಸ್ಆ್ಯಪ್ ಸೂಚನೆ ಇಟ್ಟುಕೊಂಡರೆ ಗಂಟೆಗಳನ್ನು ಒಟ್ಟಿಗೆ ಎಣಿಸಬೇಕೆಂದು ವಾದಿಸಬಹುದು. ಗಲ್ಲಾದಲ್ಲಿ ಕೂತವರನ್ನು ‘ಮ್ಯಾನೇಜರ್’ ಎಂದು ಕರೆದು ಓಟಿ ತಪ್ಪಿಸುವುದೂ ಉಂಟು. ಕಾಯ್ದೆ ಆಡಳಿತ ನಡೆಸುವ ಹುದ್ದೆಯವರನ್ನು ಹೊರಗಿಟ್ಟಿರುವುದು ನಿಜ. ಆದರೆ ಬಿಲ್ ಹಾಕುವುದು ಆಡಳಿತವಲ್ಲ; ನೋಡಬೇಕಾದ್ದು ಕೆಲಸವನ್ನು, ಹೆಸರನ್ನಲ್ಲ.

ಓಟಿಗೂ ಮಿತಿ ಇದೆ. ದಿನಕ್ಕೆ ಓಟಿ ಸೇರಿ 10 ಗಂಟೆ, ಮೂರು ತಿಂಗಳಿಗೆ ಓಟಿ 50 ಗಂಟೆ. ನಮ್ಮ ಉದಾಹರಣೆಯಂತೆ ವಾರಕ್ಕೆ 7 ಗಂಟೆ ಮಾಡುತ್ತ ಹೋದರೆ ಎಂಟನೇ ವಾರದಲ್ಲೇ ಮಿತಿ ದಾಟುತ್ತದೆ. ದಾಟಿದ ಗಂಟೆಗೆ ಹಣ ಕೊಡುವುದಿಲ್ಲ ಎಂದು ಮಾಲೀಕರು ಹೇಳುವಂತಿಲ್ಲ. ದುಡಿಸಿಕೊಂಡ ತಪ್ಪು ಅವರದು, ದುಡಿದ ಹಣ ನೌಕರನದು.

ಬಾಕಿ ಕೇಳುವುದು

ದಿನವೂ ಒಂದು ಸಾಲು ಬರೆಯಿರಿ: ತಾರೀಕು, ಎಷ್ಟರಿಂದ ಎಷ್ಟರವರೆಗೆ, ಯಾವ ಕೆಲಸ. ಸಂಬಳದ ಚೀಟಿ ಕೇಳಿ ಪಡೆಯಿರಿ. ಅದನ್ನು ಕೊಡುವುದು ಮಾಲೀಕರ ಹೊಣೆ. ಮೊದಲು ವಾರವಾರು ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮಾಲೀಕರಿಗೆ ತೋರಿಸಿ. ಎಷ್ಟೋ ಕಡೆ ವಿಷಯ ಅಲ್ಲೇ ಬಗೆಹರಿಯುತ್ತದೆ. ಆಗದಿದ್ದರೆ ನಿಮ್ಮ ಪ್ರದೇಶದ ಕಾರ್ಮಿಕ ನಿರೀಕ್ಷಕರು ಯಾರೆಂಬುದನ್ನು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ, ಅದೇ ಹಾಳೆಯ ಪ್ರತಿಯೊಂದಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ವೇತನ ಸಂಹಿತೆಯ ಕೆಳಗೆ ಬಾಕಿ ಕೇಳಲು ಮೂರು ವರ್ಷದ ಕಾಲಾವಕಾಶವಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ವಿಚಾರಣಾಧಿಕಾರಿಗೆ ಇದೆ. ಹಣ ಕೊಟ್ಟಿದ್ದೇವೆ ಎಂದು ರುಜುವಾತು ಮಾಡಬೇಕಾದವರು ಮಾಲೀಕರು. ಆದರೆ ಯಾವ ದಿನ ಎಷ್ಟು ಗಂಟೆ ಯಾವ ಕೆಲಸ ಮಾಡಿದಿರಿ ಎಂದು ಅಧಿಕಾರಿ ಮೊದಲು ಕೇಳುವುದು ನಿಮ್ಮನ್ನೇ.