ಗುರುತು ಹಾಕಿ ಬಿಟ್ಟ ಸೊಳ್ಳೆಗಳು

ಒಂದು ಊರಿನಲ್ಲಿ ಎಷ್ಟು ಮನೆಗಳಿವೆ, ಎಷ್ಟು ಜನರಿದ್ದಾರೆ ಎಂದು ಕೇಳಿದರೆ ಪಂಚಾಯತಿನ ಪುಸ್ತಕ ನೋಡಿ ಹೇಳಬಹುದು. ಎಷ್ಟು ಸೊಳ್ಳೆಗಳಿವೆ ಎಂದು ಕೇಳಿದರೆ? ಒಂಬತ್ತನೆಯ ತರಗತಿಯಲ್ಲಿ ನಾವು ಈ ಪ್ರಶ್ನೆ ಹಾಕಿದಾಗ ಮಕ್ಕಳೆಲ್ಲ ನಕ್ಕರು. ಆದರೆ ಇದಕ್ಕೆ ಉತ್ತರ ಕಂಡುಹಿಡಿಯುವ ಒಂದು ಉಪಾಯವಿದೆ. ಅದರಲ್ಲಿರುವ ಗಣಿತ ನಾವು ಕಲಿತ ತ್ರೈರಾಶಿಗಿಂತ ಕಷ್ಟದ್ದಲ್ಲ.

ಮೊದಲು ಬಟಾಣಿಯ ಮಾತು. ನಾವು ಒಂದು ಡಬ್ಬಿಯಲ್ಲಿ ಒಣಗಿದ ಬಿಳಿ ಬಟಾಣಿ ತುಂಬಿ ತರಗತಿಗೆ ತಂದೆವು. ಎಷ್ಟು ಕಾಳಿವೆ ಎಂದು ಯಾರಿಗೂ ತಿಳಿಯದು. ಅದರಿಂದ 100 ಕಾಳು ತೆಗೆದು, ಕೆಂಪು ಶಾಯಿ ಹಚ್ಚಿ, ಒಣಗಿಸಿ, ಮರಳಿ ಡಬ್ಬಿಗೆ ಹಾಕಿದೆವು. ಒಬ್ಬ ಹುಡುಗ ಅವಸರದಿಂದ ಚಹದ ಲೋಟದಲ್ಲಿ ಮೇಲಿನಿಂದ 150 ಕಾಳು ಮೊಗೆದ. ಅದರಲ್ಲಿ 31 ಕೆಂಪು ಕಾಳುಗಳಿದ್ದವು. 150ರಲ್ಲಿ 31 ಕೆಂಪು ಎಂದಾದರೆ, ಒಟ್ಟು 100 ಕೆಂಪು ಇರಬೇಕಾದರೆ ಡಬ್ಬಿಯಲ್ಲಿ ಎಷ್ಟು ಕಾಳಿರಬೇಕು? 100 × 150 ÷ 31, ಅಂದರೆ 484. ಡಬ್ಬಿ ನೋಡಿದವರಿಗೇ ಇದು ತಪ್ಪೆಂದು ಗೊತ್ತಾಯಿತು. ಕೆಂಪು ಕಾಳುಗಳನ್ನು ಮೇಲೆ ಸುರಿದು, ಕುಲುಕದೆ, ಮೇಲಿನಿಂದಲೇ ಮೊಗೆದಿದ್ದೆವು! ಎಲ್ಲವನ್ನೂ ಮರಳಿ ಹಾಕಿ, ಚೆನ್ನಾಗಿ ಕುಲುಕಿ, ಇನ್ನೊಮ್ಮೆ 150 ಕಾಳು ತೆಗೆದೆವು. ಈ ಸಲ ಕೆಂಪು ಸಿಕ್ಕಿದ್ದು 12. ಲೆಕ್ಕ 1,250 ಬಂತು. ಆ ಮೇಲೆ ಇಡೀ ತರಗತಿ ಕುಳಿತು ಕಾಳು ಎಣಿಸಿದಾಗ 1,310 ಇದ್ದವು. ಎಣಿಸದೆ ಹೇಳಿದ ಉತ್ತರ ಇಷ್ಟು ಹತ್ತಿರ ಬಂದರೆ ಸಾಲದೇ?

ಮೀನುಗಳನ್ನು ಹೀಗೆ ಎಣಿಸುವ ಲೆಕ್ಕಕ್ಕೆ ಡೆನ್ಮಾರ್ಕಿನ ಪೀಟರ್ಸನ್ ಅವರ ಹೆಸರಿದೆ, ಕಾಡುಬಾತುಗಳ ಲೆಕ್ಕಕ್ಕೆ ಅಮೆರಿಕದ ಲಿಂಕನ್ ಅವರ ಹೆಸರಿದೆ. ಸೊಳ್ಳೆಗಳಿಗೂ ಇದೇ ವಿಧಾನ ಸಲ್ಲುತ್ತದೆ. ಆದರೆ ಬಟಾಣಿಗೂ ಸೊಳ್ಳೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬಟಾಣಿ ರಾತ್ರಿ ಸಾಯುವುದಿಲ್ಲ, ಸೊಳ್ಳೆ ಸಾಯುತ್ತದೆ. ನಿನ್ನೆ ಗುರುತು ಹಾಕಿ ಬಿಟ್ಟ ಸಾವಿರ ಸೊಳ್ಳೆಗಳಲ್ಲಿ ಈ ದಿನ ಎಷ್ಟು ಬದುಕಿವೆ ಎಂದು ತಿಳಿಯದೆ ಮುಂದಿನ ಲೆಕ್ಕ ಸಾಗದು. ಆದುದರಿಂದ ಸೊಳ್ಳೆಯ ಲೆಕ್ಕದಲ್ಲಿ ಎರಡು ಉತ್ತರಗಳನ್ನು ಹುಡುಕಬೇಕು: ದಿನಕ್ಕೆ ನೂರರಲ್ಲಿ ಎಷ್ಟು ಉಳಿಯುತ್ತವೆ, ಮತ್ತು ಒಟ್ಟು ಎಷ್ಟಿವೆ.

ಗುರುತು ಹಾಕುವ ಕ್ರಮ ಹೀಗಿದೆ. ಗೋಡೆ, ಮಾಡಿನ ಮೂಲೆಗಳಲ್ಲಿ ಕುಳಿತ ಸೊಳ್ಳೆಗಳನ್ನು ಬಾಯಿಂದ ಗಾಳಿ ಎಳೆಯುವ ಕೊಳವೆಯಲ್ಲಿ ಹಿಡಿಯುತ್ತಾರೆ. ಕೊಳವೆಯ ಒಳಗೆ ಬಲೆಯ ತುಂಡು ಇರುತ್ತದೆ, ಇಲ್ಲವಾದರೆ ಸೊಳ್ಳೆ ಬಾಯಿಗೇ ಬಂದೀತು. ಹಿಡಿದವುಗಳನ್ನು ಬಲೆ ಕಟ್ಟಿದ ಕಾಗದದ ಲೋಟಕ್ಕೆ ಬಿಟ್ಟು, ನೇರಳಾತೀತ ದೀಪದಡಿ ಹೊಳೆಯುವ ಬಣ್ಣದ ಪುಡಿಯನ್ನು ಒಂದು ಚಿಟಿಕೆಗೂ ಕಡಿಮೆ ತೆಗೆದುಕೊಂಡು ರಬ್ಬರಿನ ಬುರುಡೆಯಿಂದ ಒಳಗೆ ಊದುತ್ತಾರೆ. ಪುಡಿ ಹೆಚ್ಚಾದರೆ ರೆಕ್ಕೆ ಭಾರವಾಗಿ ಸೊಳ್ಳೆ ಹಾರಲಾರದು. ಕಡಿಮೆಯಾದರೆ ಗುರುತು ಉಳಿಯದು. ಬಿಡುವ ಮುನ್ನ ಲೋಟದ ತಳದಲ್ಲಿ ಸತ್ತುಬಿದ್ದವನ್ನು ಎಣಿಸಿ ಕಳೆಯಬೇಕು, ಏಕೆಂದರೆ ಲೆಕ್ಕಕ್ಕೆ ಬರುವುದು ಹಾರಿಹೋದವು ಮಾತ್ರ. ಮುಸ್ಸಂಜೆಯ ತಂಪಿನಲ್ಲಿ ಹಿಡಿದ ಊರಿನಲ್ಲೇ ಬಿಡುತ್ತಾರೆ. ಮರುದಿನದಿಂದ ಪ್ರತಿ ಬೆಳಿಗ್ಗೆ ಅವೇ ಮನೆಗಳಲ್ಲಿ, ಅಷ್ಟೇ ಹೊತ್ತು ಹುಡುಕಿ ಹಿಡಿದು, ಕತ್ತಲೆ ಕೋಣೆಯಲ್ಲಿ ದೀಪದಡಿ ಒಂದೊಂದನ್ನೇ ನೋಡುತ್ತಾರೆ.

ಈಗ ಲೆಕ್ಕ. ಕಲಿಯುವುದಕ್ಕಾಗಿ ನಾವೇ ಊಹಿಸಿಕೊಂಡ ಅಂಕಿಗಳು ಇವು. ಒಂದು ಹಳ್ಳಿಯಲ್ಲಿ 1,000 ಹೆಣ್ಣು ಸೊಳ್ಳೆಗಳಿಗೆ ಗುರುತು ಹಾಕಿ ಬಿಟ್ಟರೆಂದು ಇಟ್ಟುಕೊಳ್ಳಿ. ಮುಂದಿನ ಐದು ದಿನ ಸಿಕ್ಕ ಗುರುತಿನ ಸೊಳ್ಳೆಗಳು ಕ್ರಮವಾಗಿ 23, 21, 15, 13, 10. ಹುಡುಕಿದ ಶ್ರಮ ಪ್ರತಿದಿನ ಒಂದೇ ಆಗಿದ್ದರೆ, ಈ ಇಳಿಕೆಗೆ ಕಾರಣ ಗುರುತಿನವು ಕಡಿಮೆಯಾಗುತ್ತಿರುವುದು. ಒಂದು ದಿನದಿಂದ ಇನ್ನೊಂದು ದಿನಕ್ಕೆ ಭಾಗಿಸಿ ನೋಡಿದರೆ 21 ÷ 23 ಎಂದರೆ 0.91, 15 ÷ 21 ಎಂದರೆ 0.71. ಹೀಗೆ ಏರುಪೇರು ಕಾಣುವುದು ಅದೃಷ್ಟದ ಆಟ. ಆದುದರಿಂದ ಐದೂ ದಿನಗಳನ್ನು ಒಟ್ಟಿಗೆ ಹಿಡಿಯಬೇಕು.

ಪ್ರತಿದಿನ ಒಂದೇ ಪ್ರಮಾಣದಲ್ಲಿ ಉಳಿದರೆ ಸಂಖ್ಯೆಗಳ ಲಾಗರಿದಮ್ ಒಂದು ಸರಳ ರೇಖೆಯಲ್ಲಿ ಇಳಿಯಬೇಕು. ಲಾಗ್ ಪಟ್ಟಿಯಿಂದ ನಮ್ಮ ಐದು ಅಂಕಿಗಳಿಗೆ 1.362, 1.322, 1.176, 1.114, 1.000 ಸಿಗುತ್ತವೆ. ಇವನ್ನು ಗ್ರಾಫ್ ಕಾಗದದಲ್ಲಿ ಗುರುತಿಸಿ ನಡುವಿನಿಂದ ಗೆರೆ ಎಳೆದರೂ ಆದೀತು. ಕೈಲೆಕ್ಕ ಬೇಕೆಂದರೆ, ನಡುವಿನ ಮೂರನೆಯ ದಿನವನ್ನು ಸೊನ್ನೆ ಎಂದು ಹಿಡಿದು, ಐದು ಲಾಗ್‌ಗಳನ್ನು ಕ್ರಮವಾಗಿ −2, −1, 0, 1, 2ರಿಂದ ಗುಣಿಸಿ, ಕೂಡಿಸಿ, 10ರಿಂದ ಭಾಗಿಸಬೇಕು:

(−2.724 − 1.322 + 0 + 1.114 + 2.000) ÷ 10 = −0.0932

0.0932ರ ಪ್ರತಿಲಾಗ್ 1.24. ಚಿಹ್ನೆ ಋಣವಾದುದರಿಂದ 1 ÷ 1.24, ಅಂದರೆ ಸುಮಾರು 0.81. ನೂರು ಸೊಳ್ಳೆಗಳಲ್ಲಿ ನಾಳೆಗೆ 81 ಉಳಿಯುತ್ತವೆ ಎಂಬುದು ನಮ್ಮ ಮೊದಲ ಉತ್ತರ.

ಎರಡನೆಯ ಉತ್ತರ ಈಗ ಸುಲಭ. ಮೊದಲ ದಿನ ಹಿಡಿದ ಒಟ್ಟು ಸೊಳ್ಳೆಗಳು 460, ಅದರಲ್ಲಿ ಗುರುತಿನವು 23 ಎನ್ನೋಣ. ಬಿಟ್ಟ ಸಾವಿರದಲ್ಲಿ ಆ ದಿನ ಬದುಕಿರುವವು 1,000 × 0.81 = 810.

810 × 460 ÷ 23 = 16,200

ಸಾವನ್ನು ಮರೆತು ಸಾವಿರವನ್ನೇ ಇಟ್ಟುಕೊಂಡಿದ್ದರೆ 20,000 ಬರುತ್ತಿತ್ತು. ಎರಡನೆಯ ದಿನವೂ ಹೀಗೇ ನೋಡೋಣ. ಹಿಡಿದವನ್ನು ಮತ್ತೆ ಬಿಡುವುದಿಲ್ಲವಾದ್ದರಿಂದ 810ರಿಂದ 23 ಕಳೆದು 787, ಅದರ 0.81 ಪಾಲು 637. ಆ ದಿನ 510 ಹಿಡಿದು ಅದರಲ್ಲಿ 21 ಗುರುತಿನವು ಸಿಕ್ಕಿದರೆ, 637 × 510 ÷ 21 = 15,470. ಎರಡು ದಿನದ ಉತ್ತರಗಳು ಹತ್ತಿರ ಹತ್ತಿರ ಬಂದರೆ ನಮಗೆ ಸ್ವಲ್ಪ ಧೈರ್ಯ.

ಸ್ವಲ್ಪವೇ, ಹೆಚ್ಚಲ್ಲ. ಸಿಕ್ಕ ಗುರುತಿನವು ಬರೇ 23. ಇನ್ನೊಂದು ಬೆಳಿಗ್ಗೆ ಅದೇ ಹಳ್ಳಿಯಲ್ಲಿ 17 ಸಿಗಬಹುದಿತ್ತು, 30 ಸಿಗಬಹುದಿತ್ತು. ಆದುದರಿಂದ ಪ್ರಾಮಾಣಿಕವಾಗಿ ಹೇಳಬೇಕಾದ ಉತ್ತರ "ಹತ್ತು ಸಾವಿರಕ್ಕೂ ಇಪ್ಪತ್ತಮೂರು ಸಾವಿರಕ್ಕೂ ನಡುವೆ" ಎಂದು. 16,200 ಎಂದು ಕೊನೆಯ ಸೊನ್ನೆಯವರೆಗೆ ನಂಬುವವರು ಬಟಾಣಿ ಡಬ್ಬಿಯನ್ನು ನೆನೆಯಬೇಕು.

ನಿಜವಾದ ಒಂದು ಪ್ರಯೋಗದ ಫಲಿತಾಂಶ ನೋಡಿ. ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ ದೇಶದಲ್ಲಿ, ರಾಜಧಾನಿ ವಾಗಡೂಗುವಿನ ಸಮೀಪದ ಬಯಲುಸೀಮೆಯಲ್ಲಿ, 1991 ಮತ್ತು 1992ರ ಸೆಪ್ಟೆಂಬರ್ ತಿಂಗಳಲ್ಲಿ ವಿಜ್ಞಾನಿಗಳು ಈ ಕೆಲಸ ಮಾಡಿದರು. ಅಲ್ಲಿ ಮಲೇರಿಯ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಗುಂಪಿನ ಹೆಣ್ಣು ಸೊಳ್ಳೆಗಳನ್ನು ಮೊದಲ ವರ್ಷ ಏಳು ಸಾವಿರಕ್ಕೂ ಹೆಚ್ಚು, ಎರಡನೆಯ ವರ್ಷ ಹದಿಮೂರು ಸಾವಿರಕ್ಕೂ ಹೆಚ್ಚು ಗುರುತು ಹಾಕಿ ಬಿಟ್ಟರು. ಇಂಥ ಪ್ರಯೋಗಗಳಲ್ಲಿ ನೂರಕ್ಕೆ ಒಂದೆರಡು ಮಾತ್ರ ಮರಳಿ ಸಿಗುವುದು ಸಾಮಾನ್ಯ. ಅವರ ಲೆಕ್ಕದಲ್ಲಿ ಹೆಣ್ಣು ಸೊಳ್ಳೆಗಳ ಸಂಖ್ಯೆ ಒಂದೂವರೆ ಲಕ್ಷದಿಂದ ಮೂರೂವರೆ ಲಕ್ಷದವರೆಗೆ ಬಂತು. ದಿನಕ್ಕೆ ಉಳಿಯುವ ಪಾಲು ನೂರಕ್ಕೆ 80ರಿಂದ 88.

ಎಂಬತ್ತಾದರೇನು, ಎಂಬತ್ತೆಂಟಾದರೇನು ಎಂದು ಅನಿಸುವುದು ಸಹಜ. ಇಲ್ಲಿಯೇ ವಿಷಯದ ಜೀವಾಳವಿದೆ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡರು. ರೋಗಿಯ ರಕ್ತ ಹೀರಿದ ಕೂಡಲೇ ಸೊಳ್ಳೆ ಅಪಾಯಕಾರಿ ಆಗುವುದಿಲ್ಲ. ಪರೋಪಜೀವಿ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿನ ಗ್ರಂಥಿಗೆ ಬರಲು, ನಮ್ಮಂಥ ಸೆಕೆಯ ನಾಡಿನಲ್ಲಿಯೂ, ಹತ್ತು ದಿನ ಅಥವಾ ಅದಕ್ಕೂ ಹೆಚ್ಚು ಬೇಕು. ಅಷ್ಟರವರೆಗೆ ಬದುಕಿದ ಸೊಳ್ಳೆಯೇ ಜ್ವರ ಹರಡಬಲ್ಲುದು. 0.88ನ್ನು ಹತ್ತು ಸಲ ಗುಣಿಸಿ ನೋಡಿ, 0.28 ಬರುತ್ತದೆ. 0.80ನ್ನು ಹತ್ತು ಸಲ ಗುಣಿಸಿದರೆ 0.11. ಅಂದರೆ ನೂರರಲ್ಲಿ 28 ಮುದಿ ಸೊಳ್ಳೆಗಳಿದ್ದ ಕಡೆ 11 ಮಾತ್ರ ಉಳಿಯುತ್ತವೆ. ದಿನದ ಪಾಲಿನಲ್ಲಿ ಎಂಟೇ ಅಂಶದ ಇಳಿತ, ಅಪಾಯದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಇಳಿತ. ಮನೆಯ ಒಳಗೋಡೆಗೆ ಔಷಧಿ ಸಿಂಪಡಿಸುವುದು, ಔಷಧಿ ಸವರಿದ ಸೊಳ್ಳೆಪರದೆ ಕಟ್ಟುವುದು ಇವೆಲ್ಲ ಸೊಳ್ಳೆಯ ಆಯುಸ್ಸಿಗೇ ಕೈ ಹಾಕುವ ಉಪಾಯಗಳು. ಸಿಂಪಡಿಸಲು ಬಂದವರನ್ನು "ಸೊಳ್ಳೆ ಇನ್ನೂ ಇದೆಯಲ್ಲ" ಎಂದು ಹಿಂದೆ ಕಳಿಸುವ ತಂದೆತಾಯಂದಿರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು. ಸೊಳ್ಳೆ ಇದ್ದೀತು, ಮುದಿ ಸೊಳ್ಳೆ ಇರಲಿಕ್ಕಿಲ್ಲ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನೂ ತಿಳಿದಿರಬೇಕು. ಗುರುತಿನ ಸೊಳ್ಳೆ ಸಿಗಲಿಲ್ಲವೆಂದರೆ ಸತ್ತಿತೆಂದೇ ನಾವು ಎಣಿಸಿದೆವು. ಅದು ಪಕ್ಕದ ಊರಿಗೆ ಹಾರಿಹೋಗಿದ್ದರೂ ಲೆಕ್ಕಕ್ಕೆ ಸತ್ತಂತೆಯೇ. ಆದುದರಿಂದ ನಮ್ಮ 0.81 ನಿಜವಾದ ಪಾಲಿಗಿಂತ ಕಡಿಮೆಯಾಗಿರಬಹುದು. ಇದನ್ನು ತಿಳಿಯಲು ದೂರದ ಮನೆಗಳಲ್ಲಿಯೂ ಹುಡುಕುತ್ತಾರೆ. ಅಂಚಿನ ಮನೆಗಳಲ್ಲಿ ಗುರುತಿನವು ಸಿಗುತ್ತಿದ್ದರೆ ಅದರ ಆಚೆಗೂ ಹೋಗಿವೆ ಎಂದರ್ಥ. ಪುಡಿಯಿಂದಲೇ ಸೊಳ್ಳೆ ಸಾಯುತ್ತದೆಯೇ ಎಂಬುದು ಇನ್ನೊಂದು ಸಂಶಯ. ಅದಕ್ಕಾಗಿ ಪುಡಿ ಹಾಕಿದ ಕೆಲವನ್ನೂ ಹಾಕದ ಕೆಲವನ್ನೂ ಎರಡು ಪಂಜರಗಳಲ್ಲಿಟ್ಟು, ಸಕ್ಕರೆ ನೀರು ಕೊಟ್ಟು, ದಿನದಿನದ ಸಾವನ್ನು ಹೋಲಿಸುತ್ತಾರೆ. ಹಿಡಿದವನ್ನೆಲ್ಲ ಒಂದೇ ಲೋಟಕ್ಕೆ ಹಾಕಿದರೆ ಒಂದರ ಪುಡಿ ಇನ್ನೊಂದಕ್ಕೆ ತಾಗಿ, ಗುರುತಿಲ್ಲದ್ದೂ ಗುರುತಿನದಾಗುತ್ತದೆ. ಆಗ ಗುರುತಿನವು ಹೆಚ್ಚಾಗಿ ಕಂಡು, ಒಟ್ಟು ಸಂಖ್ಯೆ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಮಕ್ಕಳು ಮನೆಯಲ್ಲಿ ಸೊಳ್ಳೆ ಹಿಡಿದು ಪುಡಿ ಹಾಕಿ ಬಿಡಲು ಹೋಗಬಾರದು. ಕಚ್ಚುವ ಹೆಣ್ಣು ಸೊಳ್ಳೆಗಳನ್ನು ಊರಿನಲ್ಲಿ ಬಿಡುವುದು ಊರವರ ಒಪ್ಪಿಗೆ ಪಡೆದು, ತರಬೇತಿ ಇದ್ದವರು ಮಾಡುವ ಕೆಲಸ. ನಮಗೆ ಬಟಾಣಿ ಸಾಕು. ಸಾವನ್ನೂ ಸೇರಿಸಬೇಕೆಂದರೆ ಪ್ರತಿದಿನ ಕುಲುಕಿ, ನೋಡದೆ, ಐದು ಕಾಳಿಗೆ ಒಂದರಂತೆ ತೆಗೆದು ಹೊರಗಿಟ್ಟು, ಅಷ್ಟೇ ಹೊಸ ಬಿಳಿ ಕಾಳುಗಳನ್ನು ಸೇರಿಸಿ. ಐದು ದಿನ ಲೋಟದಲ್ಲಿ ಮೊಗೆದು ಕೆಂಪು ಎಣಿಸಿ, ಎಣಿಸಿದ್ದನ್ನು ಮರಳಿ ಹಾಕಿ, ಲಾಗ್ ಪಟ್ಟಿ ತೆಗೆದು ಕುಳಿತುಕೊಳ್ಳಿ. 0.80ಕ್ಕೆ ಎಷ್ಟು ಹತ್ತಿರ ಬರುತ್ತದೆ ನೋಡಿ.