ಹೊರದೇಶದವರಿಗೆ ಬರೆಯುವ ಗಡುವು

ಪುಣೆಯ ಕಚೇರಿಯಿಂದ ನ್ಯೂಯಾರ್ಕಿನವರಿಗೆ “ಶುಕ್ರವಾರ ಸಂಜೆಯೊಳಗೆ ಲೆಕ್ಕ ಕಳುಹಿಸಿರಿ” ಎಂದು ನಾವು ಈಮೇಲ್ ಬರೆದೆವೆನ್ನೋಣ. ನವೆಂಬರಿನಲ್ಲಿ ಅಲ್ಲಿಯ ಸಂಜೆ 5 ಗಂಟೆಯೆಂದರೆ ನಮಗೆ ಶನಿವಾರದ ಬೆಳಗಿನ ಜಾವ 3-30. ಅವರು ಮಾತಿಗೆ ತಪ್ಪಿದವರಲ್ಲ; ಲೆಕ್ಕ ಮಾತ್ರ ನಮಗೆ ಶುಕ್ರವಾರ ದೊರೆಯಲಿಲ್ಲ! ಆದುದರಿಂದ, “2026ನೆಯ ನವೆಂಬರ್ 6, ಶುಕ್ರವಾರ, ನ್ಯೂಯಾರ್ಕಿನ ಬೆಳಿಗ್ಗೆ 9 ಗಂಟೆಯೊಳಗೆ, ಪುಣೆಯಲ್ಲಿ ಅದೇ ದಿನ ಸಂಜೆ 7-30” ಎಂದು ಬರೆಯುವುದು ಲೇಸು. ತಿಂಗಳ ಹೆಸರು ಅಕ್ಷರದಲ್ಲೇ ಇರಲಿ. 6/11 ಎಂದರೆ ಅಮೆರಿಕದವರು ಜೂನ್ 11 ಎಂದು ಓದುವರು.

ವಾರವಾರದ ಸಭೆಗೆ ಇನ್ನೊಂದು ತೊಡಕುಂಟು. ನವೆಂಬರಿನ ಮೊದಲ ಭಾನುವಾರ ಅಲ್ಲಿಯ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ನಮ್ಮಲ್ಲಿ ಆ ಪದ್ಧತಿಯಿಲ್ಲ. ಹೀಗಾಗಿ ಅಲ್ಲಿ ಬೆಳಿಗ್ಗೆ 9ಕ್ಕೇ ನಡೆಯುವ ಸಭೆ ಅಕ್ಟೋಬರ್ 30ರಂದು ನಮಗೆ 6-30ಕ್ಕೆ, ಮರುವಾರ 7-30ಕ್ಕೆ. ಯಾವ ಊರಿನ ಗಡಿಯಾರದಂತೆ ಸಭೆಯೆಂಬುದನ್ನು ಮೊದಲ ಪತ್ರದಲ್ಲೇ ತಿಳಿಸಿಬಿಡಬೇಕು.